ಜಾತ್ರೆಯಲ್ಲಿ ದೊಡ್ಡಪ್ಪ ಹೇಳಿದ ಕೆರೆ ಕಥೆ: ಬೋರ್ಡಿಗೆ ಏನು ಬರೆಸೋದು?

ಪ್ರಶ್ನೆ: ನಮ್ಮೂರು ಅರಸೀಕೆರೆ ಕಡೆ. ಈ ಸಲ ತೇರಿನ ದಿನ ದೇವಸ್ಥಾನದ ಮುಂದೆ 82 ವರ್ಷದ ನಮ್ಮ ದೊಡ್ಡಪ್ಪ ಊರ ಕೆರೆಯ ಚರಿತ್ರೆ ಹೇಳಿದರು. ಕೆರೆ ಕಟ್ಟಿಸಿದ್ದು ವಿಷ್ಣುವರ್ಧನ ಮಹಾರಾಜ, ಸೌಮ್ಯ ಸಂವತ್ಸರದಲ್ಲಿ. ಏರಿ ಮೇಲಿನ ಕಲ್ಲಲ್ಲಿ ಹಾಗೆ ಬರೆದಿದೆ ಅಂತ ಅವರ ಮೇಷ್ಟ್ರು ಓದಿ ಹೇಳಿದ್ದರಂತೆ. ಏರಿ ಮೂರು ಸಲ ಒಡೆಯಿತು, ಗೌಡರ ಮನೆ ಸೊಸೆಯನ್ನು ತೂಬಿನ ಹತ್ತಿರ ಬಲಿ ಕೊಟ್ಟ ಮೇಲೆ ನಿಂತಿತು ಅಂದರು. ಮಹಾರಾಜರು ರಾಗಿ ಗಂಜಿ ಹುಯ್ಯಿಸಿ ಕೆಲಸ ಮಾಡಿಸಿದರಂತೆ. ಮಣ್ಣು ಹೊತ್ತವರು ಒಡ್ಡರಗುಂಡಿ ಹತ್ತಿರ ಗುಡಿಸಲು ಹಾಕಿಕೊಂಡಿದ್ದರಂತೆ. ಕೋಡಿ ಕೆಳಗಿನ ಕೊಡಗಿ ಗದ್ದೆ ಕೆರೆ ಕಟ್ಟಿದವರಿಗೆ ಬಿಟ್ಟದ್ದಂತೆ. ಕಲ್ಲಿನ ಮೇಲೆ ಸೂರ್ಯ, ಚಂದ್ರ, ಹಸು, ಕರು ಇವೆ, ಕೆಳಗೆ ನಿಧಿ ಇದೆ ಅಂತ ಕೆಲವರು ಹೇಳುತ್ತಾರೆ. ಹುಡುಗರು "ವಿಷ್ಣುವರ್ಧನ ಕೆರೆ" ಅಂತ ಏರಿ ಮೇಲೆ ಕಮಾನು, ಬೋರ್ಡು ಹಾಕಿಸೋಣ ಅಂತಿದ್ದಾರೆ. ಓದಿದವರು ಕೆಲವರು ಎಲ್ಲ ಕಟ್ಟುಕಥೆ ಅಂತ ನಗುತ್ತಾರೆ. ಭಾಷಣ ನನ್ನ ಮೊಬೈಲಲ್ಲಿದೆ. ಇದರಲ್ಲಿ ಯಾವುದು ನಿಜ, ಏನು ಬರೆಸಬಹುದು?

ಉತ್ತರ:

ಮೊದಲು ಆ ರೆಕಾರ್ಡಿಂಗನ್ನು ಇನ್ನೆರಡು ಕಡೆ ಕಾಪಿ ಮಾಡಿಡಿ. ಕತ್ತರಿಸಬೇಡಿ, ಕೆಮ್ಮಿದ್ದು ತಡವರಿಸಿದ್ದು ಎಲ್ಲ ಇರಲಿ.

ನಾನು ಶಾಸನ ಓದುವ ಕೆಲಸ ಮಾಡಿದವನು. ಕೆರೆ ಏರಿಗಳ ಮೇಲೆ ತುಂಬಾ ಓಡಾಡಿದ್ದೇನೆ. ಊರ ಹಿರಿಯರು ಹೇಳುವ ಕೆರೆ ಕಥೆಗಳಲ್ಲಿ ನನಗೆ ಮತ್ತೆ ಮತ್ತೆ ಕಂಡದ್ದು ಒಂದಿದೆ. ರಾಜನ ಹೆಸರು, ಇಸವಿ, ಇವೆರಡರಲ್ಲಿ ಅವರ ಮಾತು ಸಡಿಲ. ಜಾಗ, ಗದ್ದೆಯ ಹೆಸರು, ಯಾರು ಎಲ್ಲಿದ್ದರು, ಏರಿ ಎಲ್ಲಿ ಒಡೆಯಿತು ಅನ್ನುವುದರಲ್ಲಿ ಅವರ ಮಾತು ಗಟ್ಟಿ. ನಾವು ಮಾಡುವುದು ಉಲ್ಟಾ. ರಾಜನ ಹೆಸರನ್ನು ಕಮಾನಿಗೆ ಏರಿಸುತ್ತೇವೆ, ಒಡ್ಡರಗುಂಡಿಯನ್ನು ಬಿಟ್ಟುಬಿಡುತ್ತೇವೆ. ನಿಮ್ಮ ದೊಡ್ಡಪ್ಪನವರ ಭಾಷಣದಲ್ಲಿ ಕನಿಷ್ಠ ಮೂರು ಕಾಲದ ಸಂಗತಿಗಳು ಒಂದರೊಳಗೊಂದು ಸೇರಿಕೊಂಡಿವೆ. ಅವನ್ನು ಬಿಡಿಸಿಕೊಂಡರೆ ಸುಳ್ಳು ಅಂತ ಎಸೆಯಬೇಕಾದದ್ದು ತೀರಾ ಕಡಿಮೆ.

ವಿಷ್ಣುವರ್ಧನನಿಂದಲೇ ಶುರು ಮಾಡೋಣ. ಹಳೆಯ ಶಾಸನ ಓದುವವರು ಸಾಮಾನ್ಯವಾಗಿ ಎಡವುವ ಜಾಗ ಇದು. ಶಾಸನ "ಸ್ವಸ್ತಿ" ಅಂತ ಶುರುವಾಗುತ್ತದೆ. ಆಮೇಲೆ ಆಗ ಆಳುತ್ತಿದ್ದ ದೊರೆಯ ಬಿರುದುಗಳು ಸಾಲುಸಾಲಾಗಿ ಬರುತ್ತವೆ. ಕೊನೆಗೆ ಅವನ ಹೆಸರು, "ರಾಜ್ಯಂ ಗೆಯ್ಯುತ್ತಮಿರೆ" ಅನ್ನುವಂಥ ಮಾತು. ಅಂದರೆ ಇಂಥವನು ಆಳುತ್ತಿದ್ದ ಕಾಲದಲ್ಲಿ ಅಂತ ಅಷ್ಟೇ. ಕೆಲಸ ಮಾಡಿಸಿದವನ ಹೆಸರು ಬರುವುದು ಇನ್ನೂ ಕೆಳಗೆ, ಶಕವರ್ಷ, ಸಂವತ್ಸರ, ತಿಥಿ ಎಲ್ಲ ಮುಗಿದ ಮೇಲೆ. ಅವನು ಊರ ಗಾವುಂಡ ಇರಬಹುದು, ಒಬ್ಬ ದಂಡನಾಯಕ ಇರಬಹುದು, ವ್ಯಾಪಾರಿ ಇರಬಹುದು, ಒಬ್ಬ ಹೆಂಗಸೂ ಇರಬಹುದು. ಮೇಲಿನ ಸಾಲುಗಳು ದಪ್ಪಕ್ಷರದಲ್ಲಿ ಚೆನ್ನಾಗಿ ಕಾಣುತ್ತವೆ. ಕೆಳಗಿನವು ಮಣ್ಣಲ್ಲಿ ಹೂತಿರುತ್ತವೆ, ಇಲ್ಲವೇ ಸವೆದಿರುತ್ತವೆ. ಹಾಗಾಗಿ ಓದಿದವರ ಕಣ್ಣಿಗೆ ಬಿದ್ದ ದೊರೆಯೇ ಕೆರೆ ಕಟ್ಟಿಸಿದವನಾಗಿಬಿಡುತ್ತಾನೆ.

ಬೆಂಗಳೂರಿನ ಅಗರದ 9ನೇ ಶತಮಾನದ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲೂ ಮೊದಲು ಬರುವುದು ಗಂಗ ದೊರೆಯ ಹೆಸರು. ಕೆಲಸ ಮಾಡಿಸಿದವನು ಸಿರಿಮಯ್ಯ ಅನ್ನುವ ಸ್ಥಳೀಯ. ಅವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿದ. ಗಮನಿಸಿ, ಎರಡು ಕೆರೆ ಆಗಲೇ ಇದ್ದವು, ಅವನು ಮಾಡಿಸಿದ್ದು ತೂಬು ಮಾತ್ರ. ನಿಮ್ಮ ಕಲ್ಲಿನಲ್ಲೂ "ಕೆರೆಯಂ ಕಟ್ಟಿಸಿ" ಅಂತ ಇದೆಯೋ, "ತೂಬನಿಕ್ಕಿಸಿ" ಅಂತ ಇದೆಯೋ, ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದ್ದೋ, ಅಥವಾ ಬರೀ ಭೂಮಿ ದಾನವೋ ಅಂತ ನೋಡಬೇಕು. ನಾಲ್ಕೂ ಬೇರೆ ಬೇರೆ.

ಇನ್ನು ಸೌಮ್ಯ ಸಂವತ್ಸರ. ಮೇಷ್ಟ್ರು ಓದಿದ್ದು ಸರಿ ಇದೆ ಅಂತಲೇ ಇಟ್ಟುಕೊಳ್ಳೋಣ. ಸಂವತ್ಸರಗಳು ಅರವತ್ತು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ವಾಪಸ್ಸು ಬರುತ್ತದೆ. ಸೌಮ್ಯ ಪಟ್ಟಿಯಲ್ಲಿ 43ನೆಯದು. ನಮ್ಮ ಕಡೆಯ ಲೆಕ್ಕದಲ್ಲಿ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆ ಬಂದರೆ ಕೊನೆಯ ಸಂವತ್ಸರ. ಶಕ 1051 ತಗೊಳ್ಳಿ. 12 ಕೂಡಿಸಿದರೆ 1063. ಅದರಲ್ಲಿ 1020 ಕಳೆದರೆ 43. ಸೌಮ್ಯ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 1129. ಅದು ವಿಷ್ಣುವರ್ಧನನ ಆಳ್ವಿಕೆಯ ಕಾಲವೇ. ಖುಷಿಪಡುವ ಮೊದಲು ಮುಂದಕ್ಕೆ ಎಣಿಸಿ. 1189ರಲ್ಲಿ ಮತ್ತೆ ಸೌಮ್ಯ, ಆಗ ಅವನ ಮೊಮ್ಮಗ ಇಮ್ಮಡಿ ಬಲ್ಲಾಳ. 1249ರಲ್ಲಿ ಮತ್ತೆ, ಆಗ ಸೋಮೇಶ್ವರ. 1309ರಲ್ಲಿ ಮೂರನೇ ಬಲ್ಲಾಳ. 1369ರಲ್ಲಿ ವಿಜಯನಗರದ ಬುಕ್ಕರಾಯ. 1429ರಲ್ಲಿ ಇಮ್ಮಡಿ ದೇವರಾಯ. ಸಂವತ್ಸರ ಒಂದನ್ನೇ ಹಿಡಿದುಕೊಂಡು ಇವರಲ್ಲಿ ಯಾರು ಅಂತ ಹೇಳೋಕಾಗಲ್ಲ.

ಬಿರುದು ನೋಡಿ ಹೇಳೋಣ ಅಂದರೆ ಅಲ್ಲೂ ಒಂದು ತೊಡಕು. "ತಳಕಾಡುಗೊಂಡ" ಅಂತ ಕಂಡ ಕೂಡಲೇ ವಿಷ್ಣುವರ್ಧನ ಅನ್ನುತ್ತೇವೆ. ತಳಕಾಡನ್ನು ಗೆದ್ದವನು ಅವನೇ ನಿಜ. ಆದರೆ ಅವನ ಮಗ, ಮೊಮ್ಮಗ ಕೂಡ ಆ ಬಿರುದನ್ನು ತಮ್ಮ ಶಾಸನಗಳಲ್ಲಿ ಹಾಕಿಸಿಕೊಂಡಿದ್ದಾರೆ. ಬಿರುದಿನ ಸಾಲು ಮುಗಿದ ಮೇಲೆ ಬರುವ ಹೆಸರು, ಶಕವರ್ಷದ ಅಂಕಿ, ತಿಥಿಯ ಜೊತೆಗಿನ ವಾರ, ಅಕ್ಷರದ ರೂಪ, ಇಷ್ಟೂ ಕೂಡಿ ಬಂದರೆ ಮಾತ್ರ ಕಾಲ ಗಟ್ಟಿಯಾಗುತ್ತದೆ. ತಿಥಿ, ವಾರ ಎರಡೂ ಇದ್ದರೆ ಪಂಚಾಂಗದ ಲೆಕ್ಕದಲ್ಲಿ ಯಾವ ಸೌಮ್ಯ ಅನ್ನುವುದನ್ನು ಎಷ್ಟೋ ಸಲ ಖಚಿತಪಡಿಸಬಹುದು. ಅದಕ್ಕೆ ಕಲ್ಲನ್ನು ಪೂರ್ತಿ ಓದಬೇಕು.

ಓದುವುದಕ್ಕೆ ಮುಂಚೆ ಯಾರಾದರೂ ಆಗಲೇ ಓದಿದ್ದಾರಾ ನೋಡಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಾಸನ ಜಿಲ್ಲೆಯದು ಐದನೆಯದು, 1902ರಲ್ಲಿ ಬಂತು. ಅದರಲ್ಲಿ ಒಂದೊಂದು ತಾಲ್ಲೂಕಿನ ಶಾಸನಗಳಿಗೂ ಬೇರೆ ಬೇರೆಯಾಗಿ ಸಂಖ್ಯೆ ಹಾಕಿ, ಊರಿನ ಹೆಸರು, ಕಲ್ಲು ಇದ್ದ ಜಾಗ, ಕನ್ನಡ ಪಾಠ, ಇಂಗ್ಲಿಷ್ ಅನುವಾದ ಕೊಟ್ಟಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಅದರ ಪರಿಷ್ಕೃತ ಸಂಪುಟಗಳನ್ನು ತಂದಿದೆ, ಹುಡುಕುವಾಗ ಅವನ್ನೇ ಮೊದಲು ನೋಡಿ. ರೈಸ್ ಬಿಟ್ಟುಹೋದ ಎಷ್ಟೋ ಕಲ್ಲುಗಳು ಆಮೇಲಿನ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿವೆ. ನಿಮ್ಮೂರಿನ ಹೆಸರು ಸಿಗಲಿಲ್ಲ ಅಂತ ಸುಮ್ನಾಗಬೇಡಿ. ನೂರು ವರ್ಷದ ಹಿಂದೆ ನಿಮ್ಮೂರು ಪಕ್ಕದ ತಾಲ್ಲೂಕಿನಲ್ಲಿ ಇದ್ದಿರಬಹುದು. ಕೆರೆ ಪಕ್ಕದ, ಈಗ ಜನವಸತಿ ಇಲ್ಲದ ಬೇಚರಾಕ್ ಗ್ರಾಮದ ಹೆಸರಿನಲ್ಲಿ ಕಲ್ಲು ದಾಖಲಾಗಿರಬಹುದು. ಹಳೇ ಗ್ರಾಮ ನಕ್ಷೆ ಜೊತೆಗಿಟ್ಟುಕೊಂಡು ಹುಡುಕಿ.

ಅಲ್ಲೆಲ್ಲೂ ಇಲ್ಲದಿದ್ದರೆ ಫೋಟೋ ತೆಗೆಯಿರಿ. ಬರೀ ನೀರು, ಮೆತ್ತನೆಯ ಬ್ರಷ್, ಇಷ್ಟರಲ್ಲೇ ಕಲ್ಲು ತೊಳೆಯಬೇಕು. ತಂತಿ ಬ್ರಷ್ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಅಕ್ಷರದೊಳಗೆ ಸುಣ್ಣ, ಚಾಕ್‌ಪೀಸ್, ಪೇಂಟ್ ತುಂಬಬೇಡಿ. ತುಂಬುವವರು ತಮಗೆ ಕಂಡ ಅಕ್ಷರವನ್ನೇ ತುಂಬುತ್ತಾರೆ, ಮುಂದೆ ಬರುವವನು ಅದನ್ನೇ ಓದುತ್ತಾನೆ. ಕತ್ತಲಾದ ಮೇಲೆ ಹೋಗಿ. ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಲಿ. ಹಗಲಲ್ಲಿ ಏನೂ ಕಾಣದ ಕಲ್ಲಿನಲ್ಲಿ ಅಕ್ಷರದ ಅಂಚುಗಳು ನೆರಳು ಬಿಟ್ಟು ಎದ್ದು ಬರುತ್ತವೆ. ಬೆಳಕನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಿಡಿದು, ಎರಡೆರಡು ಸಾಲಿನಂತೆ ತೆಗೆಯಿರಿ. ಆ ಫೋಟೋಗಳನ್ನು ಹಿಡಿದುಕೊಂಡು ಹೋದರೆ ಶಾಸನ ಬಲ್ಲವರು ಕಲ್ಲಿನ ಮೇಲೆ ಕಾಗದ ಒತ್ತಿ ಪಡಿಯಚ್ಚು ತೆಗೆಯಲು ಬರಬೇಕಾ ಬೇಡವಾ ಅಂತ ಹೇಳುತ್ತಾರೆ.

ಹೂತ ಭಾಗವನ್ನು ನೀವೇ ಅಗೆಯಬೇಡಿ. ಕಲ್ಲನ್ನು ಕಿತ್ತು ದೇವಸ್ಥಾನದ ಅಂಗಳಕ್ಕೆ ತರುವ ಉತ್ಸಾಹವೂ ಬೇಡ. ಕಲ್ಲು ನಿಂತ ಜಾಗವೂ ಸಾಕ್ಷಿಯೇ. ತೂಬಿನ ನೇರಕ್ಕೆ ನಿಂತಿದ್ದರೆ ತೂಬಿಗೆ ಸಂಬಂಧಿಸಿದ್ದಿರಬಹುದು, ಗದ್ದೆ ಬಯಲಲ್ಲಿ ನಿಂತಿದ್ದರೆ ದಾನದ ಗಡಿ ತೋರಿಸುತ್ತಿರಬಹುದು.

ನಿಧಿಯ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಸೂರ್ಯ ಚಂದ್ರ ಇರುವುದು, ಅವು ಇರುವ ತನಕ ಈ ದಾನ ನಡೆಯಲಿ ಅಂತ. ಹಸು, ಕರು ಇರುವುದು ಶಾಪದ ಗುರುತಿಗೆ. ಈ ಧರ್ಮಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ ಶಾಸನದ ಕೊನೆಯಲ್ಲಿ ಬರುತ್ತದೆ. ಓದು ಬಾರದವರಿಗೂ ಅದು ತಿಳಿಯಲಿ ಅಂತ ಚಿತ್ರ. ನಿಧಿ ಆಸೆಗೆ ಕಲ್ಲು ಒಡೆದು, ಗುಂಡಿ ತೋಡಿ ಬಿಟ್ಟುಹೋದ ಏರಿಗಳನ್ನು ನೋಡಿದ್ದೇನೆ. ಒಂದು ಮಳೆಗಾಲ ಸಾಕು, ಆ ಗುಂಡಿಯಿಂದಲೇ ಏರಿ ಕುಸಿಯಲು ಶುರುವಾಗುತ್ತದೆ. ಬೋರ್ಡಿನಲ್ಲಿ ಈ ಚಿತ್ರಗಳ ಅರ್ಥವನ್ನೇ ಒಂದು ಸಾಲು ಬರೆಸಿಬಿಡಿ. ನಿಧಿ ಅಗೆಯುವವರನ್ನು ತಡೆಯಲು ಅದು ಕಾವಲಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಸೊಸೆಯ ಬಲಿಯ ಕಥೆಗೆ ಬರೋಣ. ಇದು ಕರ್ನಾಟಕದ ಎಷ್ಟೋ ಕೆರೆಗಳಿಗೆ ಅಂಟಿಕೊಂಡಿದೆ. ಜನಪದ ಕಥನಗೀತೆ "ಕೆರೆಗೆ ಹಾರ"ದ ಭಾಗೀರಥಿ ಎಲ್ಲರಿಗೂ ಗೊತ್ತು. ಆ ಹಾಡು ಊರೂರಿಗೆ ಹೋಗಿದೆ, ಹೋದಲ್ಲೆಲ್ಲ ಆ ಊರಿನ ಗೌಡರ ಮನೆಯನ್ನು ಒಳಗೆ ಸೇರಿಸಿಕೊಂಡಿದೆ. ಆದರೆ ನಿಮ್ಮ ದೊಡ್ಡಪ್ಪನವರು ಹೇಳಿದ್ದರಲ್ಲಿ ಒಂದು ವ್ಯತ್ಯಾಸ ನನ್ನ ಕಿವಿಗೆ ಬಿತ್ತು. ಹಾಡಿನಲ್ಲಿ ತೊಂದರೆ ಕೆರೆಗೆ ಹನಿ ನೀರು ಬರಲಿಲ್ಲ ಅನ್ನುವುದು. ಅವರು ಹೇಳಿದ್ದು ಏರಿ ಮೂರು ಸಲ ಒಡೆಯಿತು ಅಂತ. ಹಾಡಿನಿಂದ ಬಂದ ಕಥೆಯ ಜೊತೆ ನಿಮ್ಮೂರಿನದೇ ಒಂದು ನೆನಪು ಸೇರಿಕೊಂಡಿರಬಹುದು.

ಬಲಿ ಅನ್ನುವುದು ಪೂರ್ತಿ ಕಲ್ಪನೆಯೇ ಅಂದರೆ, ಹಾಗೂ ಹೇಳುವಂತಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಈಗಿನ ಹೊಸಪೇಟೆ ಬಳಿ ಕಟ್ಟಿಸುತ್ತಿದ್ದ ಕೆರೆಯನ್ನು ನೋಡಿದ. ಹದಿನೈದಿಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರು ಅಂತ ಬರೆದಿದ್ದಾನೆ. ಕೆರೆ ಎರಡು ಮೂರು ಸಲ ಒಡೆಯಿತು, ಆಗ ಅರವತ್ತು ಜನರ ತಲೆ ಕಡಿಸಿದರು, ಕುದುರೆ, ಎಮ್ಮೆಗಳನ್ನೂ ಬಲಿ ಕೊಟ್ಟರು ಅಂತಲೂ ಬರೆದಿದ್ದಾನೆ. ನೂನಿಜ್ ಅನ್ನುವ ಇನ್ನೊಬ್ಬ ಪೋರ್ಚುಗೀಸನು, ಹಾಗೆ ಸತ್ತವರು ಮರಣಶಿಕ್ಷೆಗೆ ತಕ್ಕವರು ಅನಿಸಿಕೊಂಡ ಸೆರೆಯಾಳುಗಳು ಅನ್ನುತ್ತಾನೆ. ಅಂದರೆ ಒಡೆಯುವ ಏರಿಗೆ ಜೀವ ಕೊಡಬೇಕು ಅನ್ನುವ ನಂಬಿಕೆ ಇತ್ತು, ಕೆಲವೊಮ್ಮೆ ಕೊಟ್ಟರು ಅನ್ನುವುದಕ್ಕೆ ಬರಹದ ಹೇಳಿಕೆ ಇದೆ. ನಿಮ್ಮೂರಿನಲ್ಲಿ ಹಾಗಾಯಿತು ಅನ್ನುವುದಕ್ಕೆ ಅದು ಆಧಾರ ಆಗುವುದಿಲ್ಲ. ಬೋರ್ಡಿನಲ್ಲಿ "ಎಂದು ಊರಿನ ಹಿರಿಯರು ಹೇಳುತ್ತಾರೆ" ಅಂತ ಬರೆಸಿ. ಗೌಡರ ಮನೆ ಹೆಸರು ಬೇಡ. ಆ ಮನೆಯವರು ಈಗಲೂ ಊರಲ್ಲಿದ್ದಾರೆ ತಾನೇ?

ಮೂರು ಸಲ ಒಡೆದದ್ದು ಯಾಕೆ, ಅದೂ ಕಥೆ ಯಾಕೆ ತೂಬಿನ ಹತ್ತಿರವೇ ನಿಂತಿದೆ? ಇದಕ್ಕೆ ಮಣ್ಣಿನಲ್ಲೇ ಉತ್ತರ ಇದೆ. ಹೊಸ ಮಣ್ಣಿನ ಏರಿ ಮೊದಲ ಸಲ ತುಂಬುವಾಗಲೇ ಅಪಾಯ ಜಾಸ್ತಿ. ಮಣ್ಣು ಇನ್ನೂ ಕೂತಿರುವುದಿಲ್ಲ. ತೂಬಿನ ಕಲ್ಲಿನ ಕೊಳವೆ ಏರಿಯನ್ನು ಅಡ್ಡ ಸೀಳಿಕೊಂಡು ಹೋಗುತ್ತದೆ. ಕಲ್ಲಿಗೂ ಮಣ್ಣಿಗೂ ನಡುವೆ ಚೆನ್ನಾಗಿ ಗುದ್ದಿರದಿದ್ದರೆ ನೀರು ಕೊಳವೆಯ ಒಳಗೆ ಹೋಗುವ ಬದಲು ಅದರ ಹೊರಮೈ ಹಿಡಿದು ಜಿನುಗುತ್ತದೆ. ಜಿನುಗುವ ನೀರು ಸಣ್ಣಸಣ್ಣಗೆ ಮಣ್ಣು ಹೊತ್ತು ತರುತ್ತದೆ. ದಾರಿ ದೊಡ್ಡದಾಗುತ್ತದೆ, ಒಂದು ರಾತ್ರಿ ಏರಿ ಅಲ್ಲೇ ಕುಸಿಯುತ್ತದೆ. ಕೆರೆಯಿಂದ ನೀರು ಬಿಡುವ ನೀರುಗಂಟಿಗಳಿಗೆ ಇದು ಗೊತ್ತಿತ್ತು. ತೂಬಿನ ಪಕ್ಕ ತಿಳಿನೀರು ಜಿನುಗಿದರೆ ಕಣ್ಣಿಡುತ್ತಿದ್ದರು, ಕೆಂಪುನೀರು ಬಂದರೆ ಊರು ಕೂಗುತ್ತಿದ್ದರು. 1369ರ ಪೊರುಮಾಮಿಳ್ಳ ಶಾಸನ ಕಡಪ ಜಿಲ್ಲೆಯದು, ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆಯದು. ಅದು ಕೆರೆಗೆ ಬರುವ ಆರು ದೋಷಗಳನ್ನು ಪಟ್ಟಿ ಮಾಡುವಾಗ ಮೊದಲು ಹೇಳುವುದೇ ಏರಿಯಲ್ಲಿ ನೀರು ಜಿನುಗುವುದನ್ನು. ಅಂದಹಾಗೆ ಅದೂ ಸೌಮ್ಯ ಸಂವತ್ಸರದ್ದೇ.

ಮೂರು ಸಲ ಕುಸಿದು ನಾಲ್ಕನೇ ಸಲ ನಿಂತರೆ ಅದಕ್ಕೆ ಕಾರಣ ಕುಸಿದ ಮಣ್ಣು ಕೂತದ್ದು, ತೂಬಿನ ಸುತ್ತ ಮತ್ತೆ ಗುದ್ದಿದ್ದು. ಆದರೆ ಮೂರು ಸಲ ಗದ್ದೆ ಕೊಚ್ಚಿಹೋದವರಿಗೆ ಕಾಣುವ ಕಾರಣವೇ ಬೇರೆ, ಅಲ್ವಾ.

ಈಗ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ಮಾತು: ರಾಗಿ ಗಂಜಿ ಹುಯ್ಯಿಸಿದ ಮಹಾರಾಜರು. ಇದು ಹೊಯ್ಸಳರ ಕಾಲದ ಸಂಗತಿ ಅಂತ ನನಗೆ ಅನ್ನಿಸುವುದಿಲ್ಲ. ಲೆಕ್ಕ ಹಾಕಿ. ದೊಡ್ಡಪ್ಪನವರಿಗೆ 82. ಅವರು ಹುಡುಗರಾಗಿದ್ದಾಗ ಕಥೆ ಹೇಳಿದ ಅಜ್ಜ, ಅಜ್ಜಿಯರು ಅವರ ಅಪ್ಪ, ಅಮ್ಮಂದಿರಿಂದ ಕೇಳಿದ್ದು 1870ರ ದಶಕದವರೆಗೆ ಸಲೀಸಾಗಿ ಹೋಗುತ್ತದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬಡಿದದ್ದು ಧಾತು ಈಶ್ವರದ ಬರ. ಆ ಎರಡು ಸಂವತ್ಸರಗಳ ಹೆಸರಿನಲ್ಲೇ ಜನ ಅದನ್ನು ನೆನಪಿಟ್ಟುಕೊಂಡಿದ್ದಾರೆ. ಆಗ ಹಸಿದವರಿಗೆ ಗಂಜಿ ಕೇಂದ್ರಗಳು ತೆರೆದವು. ಕೂಲಿ ಕೊಟ್ಟು ರಸ್ತೆ, ರೈಲು ದಾರಿ, ಕೆರೆ ಕೆಲಸ ಮಾಡಿಸಿದರು. ಗಂಜಿ ಕೊಟ್ಟು ಏರಿ ಹಾಕಿಸಿದ ನೆನಪು ಎಂಟುನೂರು ಚಿಲ್ಲರೆ ವರ್ಷ ಉಳಿಯುವುದಕ್ಕಿಂತ ನೂರೈವತ್ತು ವರ್ಷ ಉಳಿಯುವುದು ನಂಬುವಂಥದ್ದು. ಕಾಲ ಕಳೆದಂತೆ ಎರಡೂ ಕಥೆ ಕೂಡಿ, ಗಂಜಿ ಹುಯ್ಯಿಸಿದವನೂ ವಿಷ್ಣುವರ್ಧನನೇ ಆಗಿದ್ದಾನೆ.

ಏರಿಯ ಕೆಲಸ ಬೇರೆ ಬೇರೆ ಕಾಲದಲ್ಲಿ ನಡೆದಿದೆಯಾ ಅನ್ನುವುದನ್ನು ನೋಡಿ ತಿಳಿಯಬಹುದು. ಕೆರೆ ಬತ್ತಿದಾಗ ಹಳೆಯ ತೂಬಿನ ಹತ್ತಿರ ಹೋಗಿ. ಎರಡು ಎತ್ತರದ ಕಲ್ಲುಗಂಬ ಜೋಡಿಯಾಗಿ ನಿಂತಿರುತ್ತವೆ. ಅವುಗಳ ನಡುವೆ ಅಡ್ಡ ಚಪ್ಪಡಿಗಳು, ಚಪ್ಪಡಿಗಳಲ್ಲಿ ಒಂದರ ನೇರಕ್ಕೆ ಒಂದು ತೂತು. ಆ ತೂತುಗಳ ಮೂಲಕ ಇಳಿಬಿಟ್ಟ ಮರದ ಗಳುವಿನ ತುದಿಯಲ್ಲಿ ಬೆಣೆ ಇದ್ದು, ಅದು ತಳದ ಕಂಡಿಯನ್ನು ಮುಚ್ಚುತ್ತಿತ್ತು. ನೀರುಗಂಟಿ ಅದನ್ನು ಎತ್ತಿ ಇಳಿಸಿ ನೀರು ಬಿಡುತ್ತಿದ್ದ. ಕಟ್ಟಿದ ಕಾಲದಲ್ಲಿ ಆ ಗಂಬದ ತಲೆಗೂ ಏರಿಯ ತಲೆಗೂ ಒಂದು ಹೊಂದಿಕೆ ಇರಲೇಬೇಕು, ಯಾಕಂದರೆ ಕೆರೆ ತುಂಬಿದಾಗಲೂ ಗಳು ಕೈಗೆ ಸಿಗಬೇಕು. ಈಗ ಗಂಬದ ತಲೆ ಏರಿಗಿಂತ ಬಹಳ ಕೆಳಗೆ ಹುದುಗಿದಂತೆ ಕಂಡರೆ ಏರಿಯನ್ನು ಆಮೇಲೆ ಯಾರೋ ಎತ್ತರಿಸಿದ್ದಾರೆ. ಒಳಮೈಯ ಕಲ್ಲುಕಟ್ಟಣೆಯನ್ನೂ ನೋಡಿ. ಕೆಳಗಡೆ ದೊಡ್ಡ ಗುಂಡುಗಳು, ಮೇಲೆ ಒಂದು ಗೆರೆಯಿಂದಾಚೆ ಸಣ್ಣ ಒಡೆದ ಕಲ್ಲು ಇದ್ದರೆ ಅದೂ ಎರಡು ಕಾಲದ ಕೆಲಸ. ಇಟ್ಟಿಗೆ, ಗಾರೆ, ಕಬ್ಬಿಣದ ತಿರುಪು ಇರುವ ತೂಬು ಇನ್ನೂ ಈಚಿನದು.

ಇನ್ನು ಕಟ್ಟಿದವರು. ಶಾಸನದಲ್ಲಿ ಕಟ್ಟಿಸಿದವನ ಹೆಸರು ಸಿಗುತ್ತದೆ, ಕಟ್ಟಿದವರದ್ದು ಸಿಗುವುದು ಅಪರೂಪ. ಗೌರಿಬಿದನೂರು ಕಡೆಯ 1388ರ ಶಾಸನವೊಂದರಲ್ಲಿ ಪೆನುಕೊಂಡೆಗೆ ನದಿ ನೀರು ತಂದ ಜಲಸೂತ್ರದ ಸಿಂಗಾಯಭಟ್ಟನ ಹೆಸರಿದೆ. ಅವನು ಗೊತ್ತು ಮಾಡಿದ ದಾರಿಯಲ್ಲಿ ಮಣ್ಣು ಅಗೆದವರು ಯಾರು ಅಂತ ಗೊತ್ತಿಲ್ಲ. ಪೊರುಮಾಮಿಳ್ಳದಲ್ಲಿ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಅಂತ ಲೆಕ್ಕ ಇದೆ. ಸಾವಿರದಲ್ಲಿ ಒಬ್ಬನ ಹೆಸರೂ ಇಲ್ಲ. ಹಾಗಾಗಿ ಒಡ್ಡರಗುಂಡಿ ಅನ್ನುವ ಜಾಗದ ಹೆಸರು ನನಗೆ ದೊಡ್ಡ ಸಾಕ್ಷಿ. ಮಣ್ಣು, ಕಲ್ಲು ಕೆಲಸ ಬಲ್ಲ ಆ ಜನ ಊರಿಂದೂರಿಗೆ ಹೋಗಿ ಬಿಡಾರ ಹಾಕಿ ಕೆರೆ ಕಟ್ಟಿದವರು. ಏರಿಗೆ ಬೇಕಾದ ಮಣ್ಣನ್ನು ಎಲ್ಲಿಂದ ತೆಗೆದರು ಅನ್ನುವುದನ್ನೂ ಆ ಗುಂಡಿ ಹೇಳುತ್ತಿರಬಹುದು. ಬೋರ್ಡಿನಲ್ಲಿ ಜಾಗದ ಹೆಸರನ್ನು ಹಾಗೇ ಇಡಿ. ಜನರನ್ನು ಹೇಳುವಾಗ ಭೋವಿ ಸಮುದಾಯ ಅಂತ ಬರೆಸಿ, ಅವರು ತಮ್ಮನ್ನು ಕರೆದುಕೊಳ್ಳುವುದು ಹಾಗೆ. ನಿಮ್ಮೂರಲ್ಲೋ ಪಕ್ಕದೂರಲ್ಲೋ ಆ ಮನೆಗಳು ಇದ್ದರೆ ಅವರ ಹಿರಿಯರನ್ನೂ ಮಾತಾಡಿಸಿ. ಅದೇ ಕೆರೆಯ ಬಗ್ಗೆ ಅವರ ಮನೆಯಲ್ಲಿ ಬೇರೆ ಕಥೆ ಇರುತ್ತದೆ.

ಕೊಡಗಿ ಗದ್ದೆಯ ಮಾತಂತೂ ಅಪ್ಪಟ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಅದೇ ಕೆರೆಯ ಕೆಳಗೆ ಭೂಮಿ ಬಿಡುವ ಪದ್ಧತಿ ನಮ್ಮ ಶಾಸನಗಳಲ್ಲಿ ತುಂಬಾ ಕಡೆ ಕಾಣುತ್ತದೆ. ಕೊಡಗೆ, ಕಟ್ಟುಕೊಡಗೆ, ಬಿತ್ತುವಟ್ಟ, ದಸವಂದ ಅಂತೆಲ್ಲ ಅದಕ್ಕೆ ಹೆಸರು. ಇನಾಂ, ಗ್ರಾಮ ಹುದ್ದೆಗಳೆಲ್ಲ ಕಾನೂನಿನಲ್ಲಿ ರದ್ದಾದವು. ಗದ್ದೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ನಿಮ್ಮ ಕಲ್ಲಿನ ಹೂತ ಭಾಗದಲ್ಲಿ ಇಂಥದ್ದೊಂದು ಶಬ್ದ, "ಕೋಡಿಯ ಕೆಳಗೆ" ಅನ್ನುವಂಥ ಗಡಿ ಸಿಕ್ಕಿತು ಅಂದರೆ ದೊಡ್ಡಪ್ಪನವರ ಮಾತು, ಕಲ್ಲು, ನೆಲ ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ಅಂಥದ್ದು ಅಪರೂಪಕ್ಕೆ ಸಿಗುತ್ತದೆ.

ಆದರೆ ಇಲ್ಲೊಂದು ಎಚ್ಚರ. ಯಾವ ಸರ್ವೆ ನಂಬರು ಯಾವ ಮನೆಯವರಿಗೆ ಬಿಟ್ಟದ್ದು ಅಂತ ಬೋರ್ಡಿನಲ್ಲಾಗಲಿ ಪುಸ್ತಕದಲ್ಲಾಗಲಿ ಹಾಕಬೇಡಿ. ಹಾಕಿದ ಮರುವರ್ಷ ಅದು ಯಾರದ್ದೋ ತಕರಾರು ಅರ್ಜಿಯ ಜೊತೆ ಲಗತ್ತಾಗಿರುತ್ತದೆ. ಜಾತ್ರೆಯಲ್ಲಿ ಮೊದಲ ತಾಂಬೂಲ ಯಾರಿಗೆ ಅನ್ನುವ ಜಗಳಕ್ಕೂ ಅದನ್ನೇ ಎಳೆಯುತ್ತಾರೆ. ಗದ್ದೆಯ ಹೆಸರು ಸಾಕು.

ದೊಡ್ಡಪ್ಪನವರನ್ನು ಇನ್ನೊಮ್ಮೆ ಮಾತಾಡಿಸಿ, ಈ ಸಲ ಮೈಕ್ ಇಲ್ಲದೆ. ವೇದಿಕೆ ಮೇಲೆ ಎಲ್ಲರೂ ಕಥೆಯನ್ನು ಒಂದು ಸುತ್ತು ದೊಡ್ಡದು ಮಾಡುತ್ತಾರೆ. ಬೆಳಿಗ್ಗೆ ತಂಪು ಹೊತ್ತಲ್ಲಿ ಏರಿ ಮೇಲೆ ಅವರ ಜೊತೆ ನಡೆಯಿರಿ, ಕೋಡಿಯಿಂದ ತೂಬಿನ ತನಕ. ಇಸವಿ ಕೇಳಬೇಡಿ. "ಇದು ನಿಮ್ಮ ಮದುವೆಗೆ ಮುಂಚೆಯಾ ಆಮೇಲಾ", "ಇದನ್ನ ನಿಮಗೆ ಯಾರು ಹೇಳಿದ್ದು, ಅವರು ಕಣ್ಣಾರೆ ಕಂಡಿದ್ರಾ" ಅಂತ ಕೇಳಿ. ಒಡೆದದ್ದು ಎಲ್ಲಿ ಅಂತ ಅವರೇ ಕೈ ತೋರಿಸಲಿ, ನೀವು ತೂಬಿನ ಹೆಸರು ಎತ್ತಬೇಡಿ. ಅವರು ನಿಂತು ತೋರಿಸಿದ ಜಾಗದಲ್ಲಿ ಏರಿ ಸ್ವಲ್ಪ ಬಾಗಿದ್ದರೆ ಫೋಟೋ ತೆಗೆಯಿರಿ. ಒಡೆದ ಕಡೆ ಹೊಂಡ ಬಿದ್ದಿರುತ್ತದೆ, ಆ ಹೊಂಡವನ್ನು ಸುತ್ತು ಹಾಕಿ ಮತ್ತೆ ಏರಿ ಕಟ್ಟುವುದು ವಾಡಿಕೆ.

ಬೋರ್ಡಿಗೆ ಮೂರು ದಾರಿಗಳಿವೆ. ಈಗಲೇ ವಿಷ್ಣುವರ್ಧನ ಕೆರೆ ಅಂತ ಹಾಕಬಹುದು. ನಾಳೆ ಕಲ್ಲು ಓದಿದಾಗ 1249 ಅಂತ ಬಂದರೆ ಕಮಾನು ಒಡೆಯುವವರು ಯಾರೂ ಇರುವುದಿಲ್ಲ, ತಪ್ಪು ಹಾಗೇ ನಿಲ್ಲುತ್ತದೆ. ಜೊತೆಗೆ ಕೆರೆಯ ಹಳೆಯ ಹೆಸರು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ, ಶಾಸನದಲ್ಲಿ ಹುಡುಕಲು ಬೇಕಾಗುವುದು ಅದೇ ಹೆಸರು. ಎರಡನೆಯದು, ಕಲ್ಲು ಪೂರ್ತಿ ಓದುವ ತನಕ ಏನೂ ಹಾಕದೆ ಕಾಯುವುದು. ಸರಿಯಾದ ದಾರಿಯೇ, ಆದರೆ ಈಗಿರುವ ಉತ್ಸಾಹ ಮುಂದಿನ ಜಾತ್ರೆ ತನಕ ಇರುತ್ತದೆ ಅಂತ ನನಗೆ ನಂಬಿಕೆ ಇಲ್ಲ. ನಾನಾಗಿದ್ದರೆ ಮೂರನೆಯದನ್ನು ಆರಿಸುತ್ತಿದ್ದೆ. ಬದಲಾಯಿಸಲು ಬರುವಂಥ ಸಾದಾ ತಗಡಿನ ಬೋರ್ಡು, ಹೆಚ್ಚು ಕಡಿಮೆ ಹೀಗೆ:

"ಈ ಕೆರೆಯ ಏರಿಯ ಮೇಲೆ ಹಳೆಯ ಶಾಸನವಿದೆ. ಅದರಲ್ಲಿ ಸೌಮ್ಯ ಸಂವತ್ಸರ ಎಂದು ಇರುವುದಾಗಿ ಹಿಂದೆ ಓದಿದವರು ಹೇಳಿದ್ದಾರೆ. ಪೂರ್ಣ ಪಾಠವನ್ನು ಓದಿಸುವ ಕೆಲಸ ನಡೆಯುತ್ತಿದೆ. ಕಲ್ಲಿನ ಮೇಲಿನ ಸೂರ್ಯ, ಚಂದ್ರ, ಹಸು, ಕರುಗಳು ದಾನ ಶಾಶ್ವತವಾಗಿರಲಿ, ಅದನ್ನು ಕೆಡಿಸಿದವರಿಗೆ ಪಾಪ ತಟ್ಟಲಿ ಎಂಬುದರ ಗುರುತು. ಏರಿ ಹಲವು ಸಲ ಒಡೆದು ಮತ್ತೆ ಕಟ್ಟಲಾಯಿತು, ಒಬ್ಬ ಸೊಸೆ ಕೆರೆಗೆ ಬಲಿಯಾದಳು ಎಂದು ಊರಿನ ಹಿರಿಯರು ಹೇಳುತ್ತಾರೆ. ಬರದ ಕಾಲದಲ್ಲಿ ಗಂಜಿ ಕೊಟ್ಟು ಏರಿ ಕೆಲಸ ಮಾಡಿಸಿದ ನೆನಪೂ ಊರಲ್ಲಿದೆ. ಮಣ್ಣು ಕೆಲಸ ಮಾಡಿದ ಭೋವಿ ಸಮುದಾಯದವರ ಬಿಡಾರ ಒಡ್ಡರಗುಂಡಿ ಬಳಿ ಇತ್ತು. ಕೆರೆ ಕಟ್ಟಿದವರಿಗೆ ಬಿಟ್ಟ ಭೂಮಿಯ ಗುರುತಾಗಿ ಕೊಡಗಿ ಗದ್ದೆ ಎಂಬ ಹೆಸರು ಉಳಿದಿದೆ."

ಗಂಜಿಯ ಸಾಲಿಗೆ "ಧಾತು ಈಶ್ವರದ ಬರ" ಅಂತ ಸೇರಿಸುವುದನ್ನು ದೊಡ್ಡಪ್ಪನವರನ್ನು ಮತ್ತೆ ಕೇಳಿದ ಮೇಲೆ ತೀರ್ಮಾನಿಸಿ. ಅದು ನನ್ನ ಊಹೆ, ಅವರ ಬಾಯಿಗೆ ನೀವು ತುರುಕಬಾರದು. ಹಾಕುವ ಮುಂಚೆ ಈ ಬರಹವನ್ನು ಅವರಿಗೆ ಓದಿ ಹೇಳಿ. ಒಪ್ಪದ ಸಾಲು ಇದ್ದರೆ ಯಾಕೆ ಅಂತ ಕೇಳಿ ಬರೆದುಕೊಳ್ಳಿ.

ಕಮಾನು ಬೇಕೇ ಬೇಕು ಅಂತ ಹುಡುಗರು ಹಟ ಹಿಡಿದರೆ ಊರ ಬಾಗಿಲಲ್ಲಿ ಹಾಕಲಿ, ಏರಿ ಮೇಲೆ ಬೇಡ. ಕಮಾನಿನ ಪಾಯಕ್ಕೆ ಏರಿಯಲ್ಲಿ ಗುಂಡಿ ತೋಡಿದರೆ ಕಾಂಕ್ರೀಟಿಗೂ ಹಳೆ ಮಣ್ಣಿಗೂ ನಡುವೆ ಸಂದು ಬೀಳುತ್ತದೆ, ತೂಬಿನ ಪಕ್ಕ ನೀರು ದಾರಿ ಮಾಡಿಕೊಂಡ ಹಾಗೇ ಅಲ್ಲೂ ಮಳೆನೀರು ಇಳಿಯುತ್ತದೆ. ಏರಿಯ ಮೇಲೆ ಏನೇ ನೆಡುವುದಿದ್ದರೂ ಕೆರೆ ಯಾರ ಸುಪರ್ದಿಯಲ್ಲಿದೆ, ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಅಂತ ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ತಗಡಿನ ಬೋರ್ಡನ್ನು ಏರಿ ಹತ್ತುವ ದಾರಿಯ ಬುಡದಲ್ಲಿ, ಗಟ್ಟಿ ನೆಲದಲ್ಲಿ ನಿಲ್ಲಿಸಿದರೆ ಸಾಕು.